ಏನೂ ಆಗದಿದ್ದುದಕ್ಕೆ ಎಷ್ಟು ಅಂಕ?

ರಾಯಚೂರಿನ ಎಪಿಎಂಸಿ ಯಾರ್ಡಿನಲ್ಲಿ ಹತ್ತಿಯ ಸುಗ್ಗಿ ಮುಗಿದು ಬಿಸಿಲು ಏರತೊಡಗಿದೊಡನೆ, ನಮ್ಮ ಜಿನ್ನಿಂಗ್ ಮಿಲ್ಲಿಗೆ ಮುಖ್ಯ ಕಚೇರಿಯಿಂದ ವಾರ್ಷಿಕ ಮೌಲ್ಯಮಾಪನದ ನಮೂನೆಗಳು ಬರುತ್ತವೆ. ಈ ಸಲ ಅಕೌಂಟೆಂಟರ ನಮೂನೆಯನ್ನು ತುಂಬುವ ಭಾಗ್ಯ ನನ್ನ ಪಾಲಿಗೆ ಬಂತು. ನಾಯಕತ್ವಕ್ಕೆ 30 ಅಂಕ, ಹಿರಿಯರ ಗಮನಕ್ಕೆ ಬಂದ ಕೆಲಸಕ್ಕೆ 30, ಹೊಸ ಬಗೆಯ ಚಿಂತನೆಗೆ 20, ತಂಡದೊಡನೆ ಬೆರೆಯುವುದಕ್ಕೆ 15, ನಿಖರತೆಗೆ 10. ಲೆಕ್ಕ ಬರೆಯುವವರಲ್ಲಿ ಹೊಸ ಬಗೆಯ ಚಿಂತನೆ ಕಾಣಿಸಿಕೊಂಡರೆ ಸಾಮಾನ್ಯವಾಗಿ ಪೊಲೀಸರನ್ನು ಕರೆಸಬೇಕಾಗುತ್ತದೆ. ಆದ್ದರಿಂದ ಆ ಕಲಮಿಗೆ ಸೊನ್ನೆ ಹಾಕಿ, ಇದನ್ನು ಪ್ರಶಂಸೆಯೆಂದು ಓದಿಕೊಳ್ಳತಕ್ಕದ್ದು ಎಂದು ಷರಾ ಬರೆದೆ.

ತೊಡಕು ಉಂಟಾದದ್ದು ‘ವರ್ಷದ ಗಮನಾರ್ಹ ಸಾಧನೆ’ ಎಂಬ ಕಲಮಿನಲ್ಲಿ. ಪ್ರಾಮಾಣಿಕವಾಗಿ ಬರೆಯಬೇಕೆಂದರೆ ಅಲ್ಲಿ ‘ಏನೂ ಆಗಲಿಲ್ಲ’ ಎಂದು ಬರೆಯಬೇಕಿತ್ತು, ಹಾಗೆಯೇ ಬರೆದೆ. ನಿರ್ದಿಷ್ಟ ಸಾಧನೆಯನ್ನು ನಮೂದಿಸಿ ಎಂಬ ಸೂಚನೆಯೊಂದಿಗೆ ನಮೂನೆ ಮೂರನೆಯ ದಿನವೇ ಮರಳಿ ಬಂತು.

ಅದೇ ವೇಳೆಗೆ ನಮ್ಮ ರವಾನೆ ವಿಭಾಗದ ಮುಖ್ಯಸ್ಥರಿಗೆ ಪೂರ್ಣಾಂಕ ದೊರೆತಿತ್ತು. ಸರಕಿನೊಂದಿಗೆ ಇರಬೇಕಾದ ಸಾಗಣೆ ದಾಖಲೆಯಾದ ಇ-ವೇ ಬಿಲ್ಲಿನ ಅವಧಿ ಮುಗಿದದ್ದನ್ನು ನೋಡದೆ ಅವರು ಅರಳೆ ಬೇಲುಗಳ ಲಾರಿಯೊಂದನ್ನು ಕಳುಹಿಸಿದ್ದರು. ಅಧಿಕಾರಿಗಳು ದಾರಿಯಲ್ಲಿ ಲಾರಿಯನ್ನು ತಡೆದು, ತೆರಿಗೆಯ ಎರಡು ಪಟ್ಟು ದಂಡ ಕೇಳಿದರು. ಇವರು ನಡುರಾತ್ರಿ ಓಡಿಹೋಗಿ, ಮಾಲೀಕರಿಗೆ ಹನ್ನೊಂದು ಸಲ ಫೋನ್ ಮಾಡಿ, ದಂಡ ಕಟ್ಟಿ ಲಾರಿಯನ್ನು ಬಿಡಿಸಿಕೊಂಡು ಬಂದರು. ‘ಬಿಕ್ಕಟ್ಟಿನ ಸಮರ್ಥ ನಿರ್ವಹಣೆ’ ಎಂದು ಅವರ ನಮೂನೆಯಲ್ಲಿ ದಾಖಲಾಯಿತು. ಬಿಕ್ಕಟ್ಟನ್ನು ತಂದವರು ಯಾರು ಎಂದು ಕೇಳುವ ಕಲಮು ನಮೂನೆಯಲ್ಲಿ ಇರಲಿಲ್ಲ.

ನಾನು ಅಕೌಂಟೆಂಟರ ಮೇಜಿನ ಬಳಿ ಕುಳಿತು, ಆಗದೇ ಹೋದದ್ದಕ್ಕೆ ಪುರಾವೆ ಹುಡುಕತೊಡಗಿದೆ. ಅಕ್ಟೋಬರಿನಲ್ಲಿ ಯಂತ್ರದ ಬಿಡಿಭಾಗಗಳಿಗೆಂದು ಎರಡು ಲಕ್ಷ ರೂಪಾಯಿಯ ಬಿಲ್ಲೊಂದು ಬಂದಿತ್ತು. ಅದರ ಮೇಲೆ ಶೇ. 18ರಂತೆ 36,000 ರೂಪಾಯಿ ಜಿಎಸ್‌ಟಿ. ಬಿಲ್ಲು ಕೈಯಲ್ಲಿದೆ, ಮಾಲೂ ಬಂದಿದೆ, ಆದ್ದರಿಂದ ಆ ತೆರಿಗೆಯನ್ನು ನಮ್ಮ ಬಾಕಿಯಲ್ಲಿ ವಜಾ ಮಾಡಿಕೊಳ್ಳಬಹುದೆಂದು ನನ್ನಂಥವರು ತಿಳಿಯುತ್ತೇವೆ. ಆದರೆ ಮಾರಿದವನು ತನ್ನ ವಿವರಪಟ್ಟಿಯಲ್ಲಿ ಅದನ್ನು ನಮ್ಮ ಹೆಸರಿಗೆ ತೋರಿಸಿ, ಮುಂದಿನ ತಿಂಗಳ 14ರಂದು ನಮ್ಮ ಹೆಸರಿನಲ್ಲಿ ಮೂಡುವ GSTR-2B ಎಂಬ ಪಟ್ಟಿಯಲ್ಲಿ ಅದು ಕಾಣಿಸಿದರೆ ಮಾತ್ರ ವಜಾ ಸಿಗುತ್ತದೆ. ಕಾಣಿಸಲಿಲ್ಲ. ಆ ಪುಣ್ಯಾತ್ಮ ನಮ್ಮ ಬಿಲ್ಲನ್ನು ಬೇರೊಬ್ಬ ಗಿರಾಕಿಯ ಜಿಎಸ್‌ಟಿ ಸಂಖ್ಯೆಗೆ ಜಮೆ ಮಾಡಿದ್ದ. ನಮ್ಮ ಅಕೌಂಟೆಂಟರು ನಾವು ತೆರಿಗೆ ಲೆಕ್ಕ ಒಪ್ಪಿಸುವ ಆ ತಿಂಗಳ GSTR-3B ರಿಟರ್ನಿನಲ್ಲಿ 36,000ವನ್ನು ಬಿಟ್ಟು, ಅಷ್ಟೇ ಹಣವನ್ನು ಅವನ ಪಾವತಿಯಿಂದ ತಡೆದಿಟ್ಟುಕೊಂಡು, ಮರುತಿಂಗಳು ಅವನು ತಿದ್ದಿದ ಮೇಲೆ ವಜಾ ಪಡೆದು ಬಾಕಿ ತೀರಿಸಿದ್ದರು. ಹಾಗೆ ಮಾಡದಿದ್ದರೆ ಒಂದು ದಿನ ನೋಟಿಸು ಬಂದು, ಬಡ್ಡಿಸಹಿತ ಹಣ ಕಟ್ಟುವಾಗ ಇಡೀ ಮಿಲ್ಲಿಗೆ ಅವರ ಹೆಸರು ತಿಳಿಯುತ್ತಿತ್ತು.

ಇನ್ನೊಂದು ತಿಂಗಳು ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಪುಸ್ತಕಕ್ಕೂ 2,700 ರೂಪಾಯಿ ತಾಳೆಯಾಗಿರಲಿಲ್ಲ. ಅವರು ಅದನ್ನು 9ರಿಂದ ಭಾಗಿಸಿದರು, ಶೇಷ ಉಳಿಯಲಿಲ್ಲ. ಎರಡು ಅಂಕಿಗಳು ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುವುದರಿಂದ, ಅವರು ಬೇರೇನನ್ನೂ ಹುಡುಕದೆ ನೇರವಾಗಿ ಚೆಕ್ಕುಗಳ ಅಂಕಿಗಳ ಮೇಲೆ ಬೆರಳಾಡಿಸುತ್ತ ಹೋದರು. ಹಮಾಲರ ಮುಕಾದಮರಿಗೆ ಕೊಟ್ಟ 14,730ರ ಚೆಕ್ಕು ಪುಸ್ತಕದಲ್ಲಿ 17,430 ಆಗಿ ಕುಳಿತಿತ್ತು. ಬರೆದವನು ನಾನು, ರಜೆಯಲ್ಲಿದ್ದ ಅವರ ಬದಲಿಗೆ ಒಂದು ದಿನ ಕೀರ್ದಿ ಬರೆದಿದ್ದೆ. ಅವರು ಯಾರಿಗೂ ಹೇಳದೆ ತಿದ್ದಿಬಿಟ್ಟಿದ್ದರು. ಇದನ್ನು ಅವರ ಸಾಧನೆಯಾಗಿ ಬರೆದರೆ ನನ್ನ ನಮೂನೆಯ ಗತಿ ಏನಾದೀತೆಂದು ಸ್ವಲ್ಪ ಹೊತ್ತು ಯೋಚಿಸಿದ್ದುಂಟು.

ಕೊನೆಗೆ ಎರಡನ್ನೂ ಬರೆದೆ. ಜಿಎಸ್‌ಟಿ ರಿಟರ್ನು ತಡವಾದರೆ ಬೀಳುವ ವಿಳಂಬ ಶುಲ್ಕದ ಖಾತೆಯ ಪುಟವನ್ನೂ ಲಗತ್ತಿಸಿದೆ: ಹಿಂದಿನ ವರ್ಷ ಬೇರೊಬ್ಬರಿದ್ದಾಗ ದಿನಕ್ಕೆ 50 ರೂಪಾಯಿಯಂತೆ ಬಿದ್ದ ಶುಲ್ಕದ ನಮೂದುಗಳು ಅಲ್ಲಿದ್ದವು, ಈ ವರ್ಷದ್ದು ಖಾಲಿ ಹಾಳೆ. ಅಂಥ ಹಾಳೆಯನ್ನು ಹಿಂದಿನ ವರ್ಷದ ಪಕ್ಕದಲ್ಲಿಟ್ಟು ತೋರಿಸದಿದ್ದರೆ ಅದು ಬರೀ ಖಾಲಿ ಹಾಳೆಯಾಗಿಯೇ ಕಾಣುತ್ತದೆ.

ಸಹಿಗೆ ಕೊಟ್ಟಾಗ ಅವರು ನಾನು ಬರೆದದ್ದನ್ನು ಓದಲಿಲ್ಲ. ಬಲಗಡೆಯ ಗರಿಷ್ಠ ಅಂಕಗಳ ಸಾಲನ್ನು ಮೇಲಿಂದ ಕೆಳಗೆ ನೋಡಿ, ‘ಸರ್, ಒಟ್ಟು ನೂರಾಐದು ಆಗತೈತ್ರಿ’ ಎಂದರು. ನಾನು ಕೂಡಿಸಿ ನೋಡಿದೆ. ಹೌದು, 105. ಅದೇ ನಮೂನೆಯಲ್ಲಿ ಎಲ್ಲ ಸಿಬ್ಬಂದಿಯ ಮೌಲ್ಯಮಾಪನ ನಡೆದಿತ್ತು. ಮೇಲಿನ ಯಾರೊಬ್ಬರೂ ಕೂಡಿಸಿ ನೋಡಿರಲಿಲ್ಲ.

ಈ ಸಂಗತಿಯನ್ನು ನಾನು ಮುಖ್ಯ ಕಚೇರಿಗೆ ಬರೆದೆ. ವಾರದೊಳಗೆ ಸುತ್ತೋಲೆ ಬಂತು. ದೋಷವನ್ನು ಪತ್ತೆಹಚ್ಚಿದ್ದಕ್ಕಾಗಿ ಸಿಬ್ಬಂದಿ ವಿಭಾಗದ ಹಿರಿಯ ಅಧಿಕಾರಿಗಳನ್ನು ಅಭಿನಂದಿಸಲಾಗಿತ್ತು, ಹೆಚ್ಚುವರಿಯಾಗಿದ್ದ 5 ಅಂಕಗಳನ್ನು ನಿಖರತೆಯ ಕಲಮಿನಿಂದ ಕಡಿತಗೊಳಿಸಲಾಗಿತ್ತು.