ಏಳು ಗಂಟೆ ಅಂದ ಬ್ಯಾಟರಿ ಮೂರೂವರೆ ಗಂಟೆಗೇ ಯಾಕೆ ಕೈಕೊಡುತ್ತದೆ?

ಮಳೆಗಾಲ ಶುರುವಾಗಿ ಕರೆಂಟ್ ಹೋಗತೊಡಗಿದರೆ ಸಾಕು, ಇನ್ವರ್ಟರ್ ಬ್ಯಾಟರಿ ಅಂಗಡಿಗಳಲ್ಲಿ ಒಂದೇ ಲೆಕ್ಕ. 150 ಆಂಪಿಯರ್ ಅವರ್, 12 ವೋಲ್ಟ್. ಗುಣಿಸಿದರೆ 1800 ವಾಟ್ ಅವರ್. ಮನೆಯ ಲೋಡ್ 250 ವಾಟ್ ಅಂದರೆ ಭಾಗಿಸಿ, ಏಳು ಗಂಟೆ ಬರುತ್ತದೆ ಸಾರ್, ಆರಾಮಾಗಿರಿ ಅಂತಾರೆ. ಗುಣಾಕಾರ, ಭಾಗಾಕಾರ ಎರಡೂ ಸರಿಯೇ ಇದೆ. ಆದರೂ ಆ ಏಳು ಗಂಟೆ ಯಾರ ಮನೆಯಲ್ಲೂ ಬರುವುದಿಲ್ಲ.

ಬ್ಯಾಟರಿ ಮೇಲಿನ ಲೇಬಲ್ ನೋಡಿ. 150Ah ಪಕ್ಕದಲ್ಲೇ ಚಿಕ್ಕದಾಗಿ C20 ಅಂತ ಇರುತ್ತದೆ. ಅಂದರೆ 20 ಗಂಟೆ ನಿಧಾನವಾಗಿ, ಏಳೂವರೆ ಆಂಪಿಯರ್‌ನಂತೆ ಎಳೆದರೆ ಮಾತ್ರ ಪೂರ್ತಿ 150 ಸಿಗುತ್ತದೆ. ಜೋರಾಗಿ ಎಳೆದಷ್ಟೂ ಸಿಗುವುದು ಕಡಿಮೆ. ಆಸಿಡ್ ಬ್ಯಾಟರಿಯ ಗುಣವೇ ಅದು. ಪ್ಲೇಟಿನ ಒಳಗೆ ಆಸಿಡ್ ಇಳಿಯಲು ಸಮಯ ಬೇಕು, ನಾವು ಆ ಸಮಯ ಕೊಡುವುದಿಲ್ಲ.

ಈಗ ಸಾಮಾನ್ಯ ಮನೆಯೊಂದರ ಲೆಕ್ಕ ಹಾಕೋಣ. 75 ವಾಟಿನ ಎರಡು ಫ್ಯಾನ್, ನಾಲ್ಕು ಎಲ್‌ಇಡಿ ಬಲ್ಬ್, ವೈಫೈ, ಒಂದು ಟಿವಿ. ಎಲ್ಲ ಸೇರಿ ಸುಮಾರು 250 ವಾಟ್. 12 ವೋಲ್ಟನ್ನು 230 ಮಾಡುವಾಗ ಇನ್ವರ್ಟರ್ ತಾನೂ ಒಂದಷ್ಟು ತಿನ್ನುತ್ತದೆ, ಅದೇ ಅದರ ಬಿಸಿ. ದಕ್ಷತೆ 80 ಪರ್ಸೆಂಟ್ ಅಂತ ಹಿಡಿಯಿರಿ. ಆಗ ಬ್ಯಾಟರಿಯಿಂದ ಹೊರಡುವುದು 250 ಅಲ್ಲ, 310ಕ್ಕೂ ಸ್ವಲ್ಪ ಜಾಸ್ತಿ. 12ರಿಂದ ಭಾಗಿಸಿದರೆ 26 ಆಂಪಿಯರ್. ಲೇಬಲ್ ಹೇಳಿದ್ದು ಏಳೂವರೆ, ನಾವು ಎಳೆಯುತ್ತಿರುವುದು ಅದರ ಮೂರೂವರೆ ಪಟ್ಟು! ಈ ವೇಗದಲ್ಲಿ, ಮನೆ ಇನ್ವರ್ಟರಿಗೆ ಸಾಮಾನ್ಯವಾಗಿ ಹಾಕುವ ಟ್ಯೂಬ್ಯುಲರ್ ಬ್ಯಾಟರಿ ಕೊಡುವುದು 150 ಅಲ್ಲ, ಹತ್ತಿರ ಹತ್ತಿರ 115. ಪೂರ್ತಿ ಖಾಲಿ ಮಾಡಿದರೂ ನಾಲ್ಕೂವರೆ ಗಂಟೆ ಅಷ್ಟೇ.

ಪೂರ್ತಿ ಖಾಲಿ ಮಾಡಲೂಬಾರದು ಅಲ್ವಾ. 80 ಪರ್ಸೆಂಟ್ ಖಾಲಿಯಾದಾಗ ನಿಲ್ಲಿಸಿದರೆ ಮೂರೂವರೆ ಗಂಟೆ ಚಿಲ್ಲರೆ. ಅರ್ಧಕ್ಕೇ ನಿಲ್ಲಿಸಿದರೆ ಎರಡೂಕಾಲು. ದಿನಾ ಕರೆಂಟ್ ಹೋಗುವ ಊರಾದರೆ ನಾನು ಅರ್ಧದ ಲೆಕ್ಕವನ್ನೇ ನಂಬುತ್ತೇನೆ, ಬ್ಯಾಟರಿ ಎಷ್ಟೋ ಜಾಸ್ತಿ ವರ್ಷ ಬರುತ್ತದೆ. ಯಾವಾಗಲೋ ಒಮ್ಮೆ ಹೋಗುವ ಕಡೆ 80 ನಡೆಯುತ್ತದೆ. ಒಂದು ವಿಷಯ ಮರೆಯಬೇಡಿ, ಇನ್ವರ್ಟರ್ ಅರ್ಧಕ್ಕೆ ತಾನಾಗಿ ನಿಲ್ಲುವುದಿಲ್ಲ. ಅದು ಕೀಂ ಕೀಂ ಅಂದು ಆಫ್ ಆಗುವುದು ವೋಲ್ಟೇಜ್ ಹತ್ತೂವರೆ ಆಸುಪಾಸಿಗೆ ಬಿದ್ದಾಗ. ಅಷ್ಟೊತ್ತಿಗೆ ಬ್ಯಾಟರಿಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಟಿವಿ ಆಫ್ ಮಾಡಬೇಕಾದವರು ನಾವೇ.

ನಿಮ್ಮ ಮನೆಯ ಲೋಡ್ ಎಷ್ಟು ಅಂತ ಗೊತ್ತಾಗಲು ಕರೆಂಟ್ ಮೀಟರ್ ಸಾಕು. ಅದರಲ್ಲಿ ಮಿನುಗುವ ಕೆಂಪು ದೀಪದ ಹತ್ತಿರ 3200 imp/kWh ಅಂತಲೋ ಬೇರೆ ಸಂಖ್ಯೆಯೋ ಬರೆದಿರುತ್ತದೆ. ಒಂದು ಯೂನಿಟ್, ಅಂದರೆ 1000 ವಾಟ್ ಅವರ್ ಖರ್ಚಾಗುವಷ್ಟರಲ್ಲಿ ದೀಪ ಅಷ್ಟು ಸಲ ಮಿನುಗುತ್ತದೆ. ಕರೆಂಟ್ ಇರುವಾಗ ಇನ್ವರ್ಟರನ್ನು ಬೈಪಾಸ್‌ಗೆ ಹಾಕಿ. ಇಲ್ಲದಿದ್ದರೆ ಬ್ಯಾಟರಿ ಚಾರ್ಜ್ ಆಗುವುದೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಫ್ರಿಜ್, ಗೀಸರ್ ಎಲ್ಲ ಆಫ್ ಮಾಡಿ, ಕರೆಂಟ್ ಹೋದಾಗ ಏನೇನು ಉರಿಸುತ್ತೀರೋ ಅಷ್ಟನ್ನೇ ಹಾಕಿ. ಆರು ನಿಮಿಷ ಎಷ್ಟು ಸಲ ಮಿನುಗಿತು ಅಂತ ಎಣಿಸಿ. 80 ಸಲ ಮಿನುಗಿದರೆ ಗಂಟೆಗೆ 800. ಅದು 3200ರಲ್ಲಿ ಕಾಲು ಭಾಗ, ಅಂದರೆ 250 ವಾಟ್. ಮಕ್ಕಳಿಗೆ ಈ ಕೆಲಸ ಕೊಡಿ, ಖುಷಿಯಿಂದ ಎಣಿಸುತ್ತಾರೆ.

ಸಮಯ ಸಾಲದು ಅಂತ ಎಲ್ಲರೂ ಇನ್ನೊಂದು ಬ್ಯಾಟರಿ ಕೇಳುತ್ತಾರೆ. ನಾನಾದರೆ ಮೊದಲು ಫ್ಯಾನ್ ಬದಲಿಸಿ ಅಂತೀನಿ. ಕಡಿಮೆ ಕರೆಂಟ್ ತಿನ್ನುವ ಮೋಟರಿನ ಬಿಎಲ್‌ಡಿಸಿ ಫ್ಯಾನ್ ಫುಲ್ ಸ್ಪೀಡಿನಲ್ಲೂ 30 ವಾಟ್ ಆಸುಪಾಸು. ಎರಡು ಫ್ಯಾನ್ ಬದಲಿಸಿದರೆ 250 ಇದ್ದದ್ದು 160ಕ್ಕೆ ಇಳಿಯುತ್ತದೆ. ಬ್ಯಾಟರಿಯಿಂದ ಹೋಗುವುದು 17 ಆಂಪಿಯರ್‌ಗಿಂತ ಕಡಿಮೆ. ಈಗ ಅದೇ ಬ್ಯಾಟರಿ, ಅದೇ 80 ಪರ್ಸೆಂಟ್‌ಗೆ ಆರು ಗಂಟೆ ಬರುತ್ತದೆ. ಲೋಡ್ ಇಳಿದದ್ದು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ, ಸಮಯ ಏರಿದ್ದು ಮುಕ್ಕಾಲು ಪಾಲಿನ ಹತ್ತಿರ. ನಿಧಾನವಾಗಿ ಎಳೆದದ್ದಕ್ಕೆ ಬ್ಯಾಟರಿ ಕೊಟ್ಟ ಬಡ್ಡಿ ಅದು.

ಇದೆಲ್ಲ ಹೊಸ ಬ್ಯಾಟರಿಯ ಲೆಕ್ಕ, ಅದೂ ಪೂರ್ತಿ ಚಾರ್ಜ್ ಆಗಿದ್ದರೆ. ಹಳೆಯದಾದರೆ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ ಬ್ಯಾಟರಿಯ ಆರೂ ಸೆಲ್ ನೋಡಿಸಿ. ಐದರಲ್ಲಿ ಒಂದೇ ರೀಡಿಂಗ್ ಬಂದು ಒಂದು ಮಾತ್ರ ತೀರಾ ಕೆಳಗಿದ್ದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ. ಚಾರ್ಜ್ ವಿಷಯವೂ ಅಷ್ಟೇ. ಹಳೆಯ ಫ್ಯಾನ್ ಹಾಕಿಕೊಂಡು ಮೂರೂವರೆ ಗಂಟೆ ಎಳೆದದ್ದನ್ನು 12 ಆಂಪಿಯರ್ ಚಾರ್ಜರ್ ವಾಪಸ್ ತುಂಬಲು ಒಂಬತ್ತು-ಹತ್ತು ಗಂಟೆ ಬೇಕು. ಮಲೆನಾಡಿನಲ್ಲಿ ಲೈನ್ ಮೇಲೆ ಮರ ಬಿದ್ದ ರಾತ್ರಿ ಕರೆಂಟ್ ಹೋಗಿ, ಬೆಳಗ್ಗೆ ಎರಡು ಗಂಟೆ ಬಂದು ಮತ್ತೆ ಹೋದರೆ, ಎರಡನೇ ಸಲ ನಿಮ್ಮ ಕೈಯಲ್ಲಿರುವುದು ಒಂದು ಗಂಟೆಗೂ ಸ್ವಲ್ಪ ಕಡಿಮೆ.