ತೋಟಕೆ ಬಿದ್ದ ಕೆಂಪು ಗೆರೆ

ಮೊನ್ನೆ ಭಾನುವಾರ ಸುಂಟಿಕೊಪ್ಪದ ಕಡೆಯ ಪರಿಚಯದ ಹುಡುಗನೊಬ್ಬ ಮಡಿಕೇರಿಗೆ ಬಂದವನು ನನ್ನ ಮನೆಗೂ ಬಂದ. ಕೈಯಲ್ಲಿ ಒಂದು ಹಾಳೆ. ಕಾಫಿ ಹೂವಿನ ಮೇಲೆ ಕವಿತೆಯಂತೆ. ಕಂಪ್ಯೂಟರು ಕೆಂಪು ಗೆರೆ ಹಾಕಿದ ಕಡೆಯೆಲ್ಲ ತಾನೂ ಕೆಂಪು ಪೆನ್ನಲ್ಲಿ ಗೆರೆ ಎಳೆದುಕೊಂಡು ಬಂದಿದ್ದ.

"ಮೇಷ್ಟ್ರೇ, ಮೊದಲ ಮೂರು ಸಾಲಲ್ಲಿ ಮೂರೇ ತಪ್ಪು. ತಿದ್ದಿಕೊಡಿ."

ಮೂವತ್ತು ವರ್ಷ ಕನ್ನಡ ಪಾಠ ಮಾಡಿದವನು ನಾನು. ಕೆಂಪು ಗೆರೆ ಕಂಡರೆ ಕೈ ತುರಿಸುತ್ತದೆ. ಕನ್ನಡಕ ಹಾಕಿಕೊಂಡು ಓದಿದೆ.

ಮಳೆ ಬಿದ್ದಿತು ಮೊನ್ನೆಯ ದಿನ ತೋಟಕೆ
ಅರಳಿತು ಕಾಫಿಯ ಬೆಳ್ಳನೆ ಹೂಗಳು
ಘಮಘಮ ಸುಗಂದ ತುಂಬಿದೆ ಗಾಳಿಲಿ

ಗೆರೆ ಇದ್ದದ್ದು 'ತೋಟಕೆ', 'ಸುಗಂದ', 'ಗಾಳಿಲಿ' ಈ ಮೂರರ ಕೆಳಗೆ. 'ತೋಟಕೆ'ಯನ್ನು 'ತೋಟಕ್ಕೆ' ಮಾಡಿದರೆ ಮುಗೀತಲ್ವಾ ಅಂದ.

ಮುಗಿಯುವುದಿಲ್ಲ. ಬೆರಳು ಮಡಚಿ ಎಣಿಸು ಅಂದೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಇರುವ ಅಕ್ಷರಕ್ಕೂ ಎರಡೇ. ಮಳೆಬಿದ್, ದಿತುಮೊನ್, ನೆಯದಿನ, ತೋಟಕೆ. ನಾಲ್ಕು ನಾಲ್ಕರ ನಾಲ್ಕು ಗುಂಪು. ಹುಡುಗನಿಗೆ ಛಂದಸ್ಸು ಗೊತ್ತಿಲ್ಲ, ಆದರೆ ಕಿವಿ ಚೆನ್ನಾಗಿದೆ. 'ತೋಟಕ್ಕೆ' ಅಂದರೆ 'ಟ' ಎರಡು ಮಾತ್ರೆಯಾಗಿ ಒಟ್ಟು ಐದಾಗುತ್ತದೆ. ಹಾಡಿ ನೋಡಿದರೆ ಸಾಲಿನ ಕೊನೆಯಲ್ಲಿ ಎಡವಿದ ಹಾಗೆ ಕೇಳಿಸುತ್ತದೆ. ದಾಸರ ಪದಗಳಿಂದ ಭಾವಗೀತೆಗಳವರೆಗೆ ಮನಕೆ, ಬನಕೆ ಎಂದು ಒತ್ತು ಬಿಟ್ಟವರು ಲೆಕ್ಕವಿಲ್ಲದಷ್ಟು ಜನ. ಇದು ತಪ್ಪಲ್ಲ. ಗೆರೆ ಹೊಡೆದು ಹಾಕಿದೆ.

"ಹಾಗಾದ್ರೆ ಎಲ್ಲಿ ಬೇಕಾದ್ರೂ ಒತ್ತು ಬಿಡಬಹುದಾ?"

ಅದೇ ಇಲ್ಲ. ಕುಗ್ಗುವುದು ಕೊನೆಗೆ ಸೇರುವ ಪ್ರತ್ಯಯ. 'ಮನೆಯಲ್ಲಿ' ಅನ್ನುವುದು 'ಮನೆಯಲಿ' ಆಗಬಹುದು. ಮಾತ್ರೆ ಉಳಿಸಲಿಕ್ಕೆ ಅಂತ 'ಇಲ್ಲಿ ಕುಳಿತೆ' ಅನ್ನುವುದರ ಒತ್ತು ತೆಗೆದರೆ ನೀನು ಇಲಿಯಾಗಿ ಕುಳಿತಿರುತ್ತೀಯ.

'ಸುಗಂದ'ದ ಗೆರೆ ಮಾತ್ರ ಸರಿಯಾಗಿಯೇ ಬಿದ್ದಿತ್ತು. ಇದು ಸ್ವಾತಂತ್ರ್ಯ ಅಲ್ಲವೇ ಅಂತ ಹುಡುಗ ವಾದಕ್ಕೆ ಬಂದ. ಎಣಿಸಿದೆವು. 'ಸುಗಂದ' ನಾಲ್ಕು ಮಾತ್ರೆ, 'ಸುಗಂಧ'ವೂ ನಾಲ್ಕೇ. ಹೊಟ್ಟೆ ಸೀಳಿದರೂ ಬಿಟ್ಟರೂ ಮಾತ್ರೆ ಬದಲಾಗುವುದಿಲ್ಲ. ಲಯಕ್ಕೆ ಏನೂ ಉಪಕಾರ ಮಾಡದ ತಪ್ಪನ್ನು ಲಯದ ಹೆಸರಿನಲ್ಲಿ ಕ್ಷಮಿಸುವುದು ಹೇಗೆ? ಸುಮ್ನೆ ತಿದ್ದಿಕೋ ಅಂದೆ.

ದೊಡ್ಡ ತಪ್ಪು ಇದ್ದದ್ದು ಗೆರೆಯೇ ಇಲ್ಲದ ಸಾಲಿನಲ್ಲಿ. 'ಅರಳಿತು' ಸರಿಯಾದ ಪದ, 'ಹೂಗಳು' ಕೂಡ ಸರಿಯಾದ ಪದ. ಅವನ ಕಂಪ್ಯೂಟರು ಒಂದೊಂದೇ ಪದ ನೋಡುತ್ತದೆ, ಹಾಗಾಗಿ ಎರಡನ್ನೂ ಬಿಟ್ಟಿತು. ಆದರೆ ಹೂಗಳು ಅರಳುವುದು 'ಅರಳಿದವು', 'ಅರಳಿತು' ಅಲ್ಲ. ಮಾತಿನಲ್ಲಿ ನಾವೆಲ್ಲ ಹೀಗೆ ಹೇಳಿಬಿಡುತ್ತೇವೆ, ನಿಜ. 'ಅರಳಿದವು' ಹಾಕಿದರೆ ಐದು ಮಾತ್ರೆ ಆಗುತ್ತದೆ ಅಂತ ಹುಡುಗ ತಾನೇ ಎಣಿಸಿ ಗೆದ್ದವನ ಹಾಗೆ ನೋಡಿದ. 'ಅರಳಿವೆ' ಹಾಕು, ನಾಲ್ಕೇ ಅಂದೆ. ಅಳತೆಗೆ ಸರಿಯಾದ ಶುದ್ಧ ಪದ ಕೈಗೆ ಸಿಗುವಂತಿರುವಾಗ ಸಡಿಲಿಕೆ ಕೇಳುವುದು ಸೋಮಾರಿತನ.

'ಗಾಳಿಲಿ' ಬಗ್ಗೆ ನನಗೇ ಗಟ್ಟಿಯಿಲ್ಲ. ಕವಿತೆಯೆಲ್ಲ ಆಡುಮಾತಿನಲ್ಲಿದ್ದರೆ ಅದರ ಸೊಗಸೇ ಬೇರೆ. ಆದರೆ 'ಬಿದ್ದಿತು' ಎನ್ನುವವನ ಬಾಯಲ್ಲಿ 'ಗಾಳಿಲಿ' ಬಂದರೆ ಪಂಚೆಯ ಮೇಲೆ ಟೈ ಕಟ್ಟಿದ ಹಾಗೆ. 'ಗಾಳಿಯಲಿ' ಅಂದರೆ ಒಂದು ಮಾತ್ರೆ ಹೆಚ್ಚು. ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಅವನಿಗೇ ಬಿಟ್ಟೆ.

ಅಷ್ಟರಲ್ಲಿ ಅವನ ಅಪ್ಪ ಪೇಟೆ ಕೆಲಸ ಮುಗಿಸಿ ಜೀಪಿನಲ್ಲಿ ಬಂದರು. ಕಾಫಿ ಕುಡಿಯುತ್ತಾ ಹಾಳೆ ತೆಗೆದು ಓದಿದರು. ಮೊದಲ ಸಾಲಿಗೇ ಹುಬ್ಬು ಗಂಟಿಕ್ಕಿತು.

"ಮೊನ್ನೆ ಬಿದ್ದ ಮಳೆಗೆ ಇವತ್ತು ಹೂ ಅರಳ್ತದಾ? ಎಂಟ್ಹತ್ತು ದಿನ ಬೇಡ್ವಾ? ತೋಟದಲ್ಲೇ ಹುಟ್ಟಿ ಬೆಳೆದವನು ನೀನು."

ಹುಡುಗ ನನ್ನ ಮುಖ ನೋಡಿದ. ಮಾತ್ರೆ, ಕಾಗುಣಿತ ಅಂತ ಮುಳುಗಿದ್ದ ನನಗೂ ಇದು ಕಂಡಿರಲಿಲ್ಲ. ಹಾಳೆಯ ಹಿಂಬದಿಯಲ್ಲಿ ಗೀಚಿ, ಎಣಿಸಿ, ಮತ್ತೆ ಗೀಚಿ ಒಂದು ಸಾಲು ಮಾಡಿದೆವು.

ಮಳೆ ಬಿದ್ದೆಂಟನೆ ದಿನದಲಿ ತೋಟದಿ

ಅಪ್ಪ ಓದಿದರು. "ನಮ್ಮ ತೋಟದಲ್ಲಿ ಎಷ್ಟೋ ಸಲ ಒಂಬತ್ತು ದಿನ ಆಗ್ತದೆ ಮೇಷ್ಟ್ರೇ. ಒಂಬತ್ತು ಅಂತ ಹಾಕಿ."

'ಬಿದ್ದೊಂಬತ್ತನೆ' ಅಂತ ಬೆರಳು ಮಡಚಿ ನೋಡಿದೆ.

"ಎರಡು ಮಾತ್ರೆ ಜಾಸ್ತಿ ಆಗುತ್ತೆ ಸರ್. ಎಂಟೇ ಇರಲಿ."