ಬೆಂಗಳೂರಲ್ಲಿರೋ ಊರ ಹುಡುಗ್ರಿಗೆ ಅಧ್ಯಕ್ಷರ ಪತ್ರ

ಪ್ರೀತಿಯ ತಮ್ಮಂದಿರೇ, ಅಕ್ಟೋಬರ್ 2024

ಪೀಣ್ಯದಲ್ಲಿ ಶಿಫ್ಟ್ ಮಾಡಿ, ಕ್ಯಾಬ್ ಓಡ್ಸಿ, ಒಂದೇ ರೂಮಲ್ಲಿ ಐದು ಜನ ಮಲಗಿ ಸುಸ್ತಾಗಿ ಊರಿಗೆ ವಾಪಸ್ ಬರ್ತೀವಿ ಅಂತಿದ್ದೀರಂತೆ, ಬನ್ನಿ, ಪಂಚಾಯ್ತಿ ನಿಮ್ ಜೊತೆಗಿದೆ. ಅಧ್ಯಕ್ಷರು ಅಂದ್ರೆ ನಮ್ ಮನೆಯವ್ಳು, ಆದ್ರೆ ಲೆಟರ್ ನಾನೇ ಬರೀತಿದ್ದೀನಿ, ಅವ್ಳು ಹಾಲು ಕರೀತಿದ್ದಾಳೆ.

ಊರಲ್ಲಿ ಮಾಡೋ ಉದ್ಯಮ ಅಂದ್ರೆ ಹೈನುಗಾರಿಕೆ. ನರೇಗಾದಲ್ಲಿ ದನದ ಕೊಟ್ಟಿಗೆಗೆ ಹತ್ತಿರ ಹತ್ತಿರ 57 ಸಾವಿರ ಕೊಡಿಸ್ತೀವಿ. ಕೊಟ್ಟಿಗೆಗೆ ಮಾತ್ರ, ದನಕ್ಕಲ್ಲ. ಆದ್ರೆ ದನ ಇದೆ ಅಂತ ಪಶು ಡಾಕ್ಟ್ರ ಸರ್ಟಿಫಿಕೇಟ್ ಬೇಕು, ದನ ತರೋಕೆ ಬ್ಯಾಂಕಿಗೆ ಹೋದ್ರೆ ಮ್ಯಾನೇಜರ್ರು ಮೊದ್ಲು ಕೊಟ್ಟಿಗೆ ತೋರ್ಸಪ್ಪ ಅಂತಾರೆ. ಇದೊಂದು ಸಣ್ಣ ತೊಡಕು, ಬಿಡಿ.

ಜಾಬ್ ಕಾರ್ಡ್ ಇರ್ಬೇಕು. ನಿಮ್ ಹೆಸ್ರು ಡಿಲೀಟ್ ಆಗಿದೆ, ಕಾರಣದ ಕಾಲಂನಲ್ಲಿ ಊರು ಬಿಟ್ಟು ಹೋಗಿದ್ದಾರೆ ಅಂತಿದೆ. ವಾಪಸ್ ಬಂದಿದ್ದೀನಿ ಅಂತ ಅರ್ಜಿ ಕೊಡಿ, ಆಧಾರ್ ಲಿಂಕ್ ಮಾಡ್ಸಿ, ಸರ್ವರ್ ಬಂದಾಗ ನೋಡೋಣ. ಕ್ರಿಯಾಯೋಜನೆಗೆ ಈಗ ಗ್ರಾಮಸಭೆಯಲ್ಲಿ ಹೆಸ್ರು ಸೇರಿಸ್ಬೇಕು, ಅದು ಮೇಲೆ ಹೋಗಿ ಮಂಜೂರಾಗಿ ಬರೋದು ಏಪ್ರಿಲ್ ಮೇಲೆ, ಅಲ್ಲಿವರೆಗೂ ಬೇಕಿದ್ರೆ ಬೆಂಗಳೂರಲ್ಲೇ ಇರಿ.

ಮಂಜೂರಾಯ್ತು ಅಂತ ಖುಷೀಲಿ ಪಾಯ ತೆಗೆದ್ಬಿಡ್ಬೇಡಿ! ಜಿಯೋಟ್ಯಾಗ್ ಫೋಟೋ ಮೂರು ಸಲ, ಮೊದ್ಲು ಖಾಲಿ ಜಾಗದ್ದು, ಆಮೇಲೆ ಅರ್ಧ ಕಟ್ಟಿದ್ದು, ಕೊನೆಗೆ ಪೂರ್ತಿ. ಖಾಲಿ ಜಾಗ ಫೋಟೋದಲ್ಲಿ ಇಲ್ದಿದ್ರೆ ಕೊಟ್ಟಿಗೆನೂ ಇಲ್ಲ, ಕಣ್ಣೆದುರಿಗೆ ನಿಂತಿದ್ರೂ ಅಷ್ಟೇ. ಹಿಂದಿನ ಬೀದಿ ಹುಡ್ಗ ಒಬ್ಬ ಹೀಗೇ ಅವಸರ ಮಾಡಿ ಈಗ ಸ್ವಂತ ಖರ್ಚಿನ ಕೊಟ್ಟಿಗೆಯಲ್ಲಿ ಬೈಕ್ ನಿಲ್ಸ್ತಾನೆ.

ಇನ್ನು 60:40 ಅಂತೊಂದು ರೂಲು, ಒಟ್ಟು ಲೆಕ್ಕದಲ್ಲಿ ನೂರು ರೂಪಾಯಲ್ಲಿ ಕೂಲಿ ಅರವತ್ತಕ್ಕೆ ಕಮ್ಮಿ ಆಗ್ಬಾರ್ದು. ಕೊಟ್ಟಿಗೇಲಿ ಕೂಲಿ ಹತ್ತು ಸಾವಿರದ ಚಿಲ್ರೆ, ಉಳಿದಿದ್ದೆಲ್ಲ ಸಿಮೆಂಟು, ಇಟ್ಟಿಗೆ, ಶೀಟು. ಆ ಲೆಕ್ಕ ಸರಿದೂಗ್ಬೇಕಂದ್ರೆ ಬೇರೆ ಕಡೆ ಸುಮಾರು 59 ಸಾವಿರದ ಮಣ್ಣಿನ ಕೆಲ್ಸ ಆಗ್ಬೇಕು. ದಿನಕ್ಕೆ 349 ರೂಪಾಯಿ ಕೂಲಿ, ಅಂದ್ರೆ ನಿನ್ನ ಎರಡು ಹಸು ನೆರಳಲ್ಲಿ ನಿಲ್ಲೋಕೆ ಊರೋರು ಸುಮಾರು 170 ಆಳು ಬಿಸ್ಲಲ್ಲಿ ಕೆರೆ ಹೂಳು ಹೊರ್ಬೇಕು. ಕೆರೆ ಹೂಳು ಹೋದ್ ವರ್ಷಾನೇ ಎತ್ತಾಯ್ತು, ಈ ಸಲ ಬದು ಹಾಕೋಣ ಅಂತಿದ್ದೀವಿ, ಬದುವೂ ಮುಗಿದ್ರೆ ಯೋಚ್ನೆ ಮಾಡೋಣ.

ಸಾಮಗ್ರಿ ಬಿಲ್ಲು ವೆಂಡರ್ ಅಕೌಂಟಿಗೇ ಬರುತ್ತೆ, ಯಾವಾಗ ಅಂತ ಕೇಳ್ಬೇಡಿ. ಅಲ್ಲಿವರೆಗೂ ಕೈಯಿಂದ ಹಾಕ್ಬೇಕು. ವೆಂಡರ್ ನಮ್ ಭಾಮೈದನೇ, ನಂಬಿಕಸ್ಥ.

ಮತ್ತೆ ಆ ದನದ ವಿಷ್ಯಕ್ಕೆ ಒಂದು ಐಡಿಯಾ ಹೊಳೀತು. ಬೆಂಗಳೂರಲ್ಲಿ ಮಾರ್ಕೆಟ್ ಹಿಂದೆ, ಫ್ಲೈಓವರ್ ಕೆಳಗೆ ಎಲ್ಲ ಹಸುಗಳು ಪ್ಲಾಸ್ಟಿಕ್ ತಿಂತಾ ನಿಂತಿರ್ತವಲ್ಲ, ಬರ್ತಾ ಅದ್ರಲ್ಲಿ ಎರಡು ಹಿಡ್ಕೊಂಡು ಬನ್ನಿ, ಸರ್ಟಿಫಿಕೇಟ್ ಹೊತ್ತಿಗೆ ನಿಂತ್ರೆ ಸಾಕು.

ಇತಿ,
ಅಧ್ಯಕ್ಷರ ಪರವಾಗಿ ಅಧ್ಯಕ್ಷರ ಯಜಮಾನ್ರು
(ಸೀಲು ಮನೇಲೇ ಇದೆ)